ಪೋಷಕರ ನಿಂದನೆಯನ್ನು ದಾಖಲಿಸುವ ಕ್ರಮ: ಮುಂಬೈಯ ಕನ್ನಡ ಶಾಲೆಗಳ ಹೊಸ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬೈಯ ಅನುದಾನಿತ ಕನ್ನಡ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಇಪ್ಪತ್ತಾರರ ಹರೆಯದ ಶಿಕ್ಷಕಿಯೊಬ್ಬಳು ಕಳೆದ ವರ್ಷ ಜುಲೈಯಲ್ಲಿ ನನ್ನ ಮನೆಗೆ ಬಂದಿದ್ದಳು. ನಾನು ಸೇವೆಯಿಂದ ನಿವೃತ್ತಳಾಗಿದ್ದರೂ ಹೊಸಬರು ಹೀಗೆ ಸಲಹೆ ಕೇಳಿಕೊಂಡು ಬರುವುದುಂಟು. ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ವಿರಾಮದ ಹೊತ್ತಿನಲ್ಲಿ ಎಲ್ಲರೆದುರು ಅವಳನ್ನು ಬೈದು, ನೌಕರಿ ಕಳೆಯುತ್ತೇನೆಂದು ಬೆದರಿಸಿ ಹೋಗಿದ್ದರು. ಅದಾಗಿ ಮೂರು ದಿನ ಕಳೆದಿತ್ತು. ಏನೇನು ಬರೆದಿಟ್ಟಿದ್ದೀಯಮ್ಮಾ ಎಂದು ಕೇಳಿದಾಗ ಅವಳು ತೋರಿಸಿದ್ದು ಗೆಳತಿಗೆ ಕಳುಹಿಸಿದ ಒಂದು ಉದ್ದನೆಯ ವಾಟ್ಸಾಪ್ ಸಂದೇಶವನ್ನು ಮಾತ್ರ. ಅದರಲ್ಲಿ ಅವಳ ದುಃಖವಿತ್ತು, ಆದರೆ ಘಟನೆ ನಡೆದ ಸಮಯವಿರಲಿಲ್ಲ, ಆಡಿದ ಮಾತಿರಲಿಲ್ಲ, ನೋಡಿದವರ ಹೆಸರೂ ಇರಲಿಲ್ಲ.

ಅಂದಿನಿಂದ ನಾವಿಬ್ಬರೂ ಕುಳಿತು ಮಾಡಿದ ಕೆಲಸವನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಹಾರಾಷ್ಟ್ರದ ಅನುದಾನಿತ ಶಾಲೆಗೆ ಹೊಸದಾಗಿ ಸೇರುವವರು ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿರುತ್ತಾರೆ. 2023ರ ಪರಿಷ್ಕರಣೆಯ ನಂತರ ಪ್ರೌಢಶಾಲೆಯ ಶಿಕ್ಷಣ ಸೇವಕರಿಗೆ ತಿಂಗಳಿಗೆ 18,000 ರೂಪಾಯಿ ಗೌರವಧನ ಸಿಗುತ್ತದೆ, ಮೂರು ವರ್ಷ ತೃಪ್ತಿಕರವಾಗಿ ಮುಗಿದ ಮೇಲೆಯೇ ಪೂರ್ಣ ವೇತನಶ್ರೇಣಿ. ಈ ಅವಧಿಯಲ್ಲಿ ದೂರು ಕೊಟ್ಟರೆ ‘ತರಗತಿ ನಿಭಾಯಿಸಲು ಬಾರದವಳು’ ಎಂಬ ಹೆಸರು ಬರುತ್ತದೆ ಎಂಬ ಭಯದಿಂದ ಹೆಚ್ಚಿನವರು ಸುಮ್ಮನಿರುತ್ತಾರೆ. ಆದರೆ ಪೋಷಕರು ನಾಳೆ ಲಿಖಿತ ದೂರು ಕೊಟ್ಟರೆ ಕಚೇರಿಯ ಕಡತದಲ್ಲಿ ಅವರ ಮಾತು ಮಾತ್ರ ಇರುತ್ತದೆ. ನನ್ನ ಅನುಭವದಲ್ಲಿ ಹೊಸ ಶಿಕ್ಷಕರಿಗೆ ಹೆಚ್ಚು ಹಾನಿ ಮಾಡಿರುವುದು ಬೈಗುಳಕ್ಕಿಂತ ಈ ಖಾಲಿ ಕಡತವೇ.

ಘಟನೆ ನಡೆದ ದಿನವೇ ಮಾಡಬೇಕಾದದ್ದು

ಮೊದಲನೆಯದಾಗಿ, ಮಾತನ್ನು ಮುಂದುವರಿಸದೆ ಅಲ್ಲಿಂದ ಸರಿಯಬೇಕು. “ನೀವು ಮುಖ್ಯೋಪಾಧ್ಯಾಯರ ಕೋಣೆಗೆ ಬನ್ನಿ, ಅಲ್ಲಿ ಅವರೆದುರೇ ಮಾತಾಡೋಣ” ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಅದನ್ನು ಹೇಳಲು ಬರಬೇಕು, ಏಕೆಂದರೆ ಇಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುವುದೇ ಹೆಚ್ಚು. ಯಾರಾದರೂ ಕೈಯೆತ್ತಿದರೆ ಅಥವಾ ದಾರಿ ಅಡ್ಡಗಟ್ಟಿದರೆ ದಾಖಲೆಯ ಯೋಚನೆಯನ್ನು ಬದಿಗಿಟ್ಟು 112ಕ್ಕೆ ಕರೆ ಮಾಡಬೇಕು. ಪೆಟ್ಟು ಬಿದ್ದಿದ್ದರೆ ಅದೇ ದಿನ ಸರ್ಕಾರಿ ಅಥವಾ ಪಾಲಿಕೆಯ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ವೈದ್ಯರಿಗೆ ತಿಳಿಸಿ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು.

ಎರಡನೆಯದು ಸಿಸಿಟಿವಿ. 2024ರ ಆಗಸ್ಟ್‌ನಲ್ಲಿ, ಬದಲಾಪುರದ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಪ್ರಕರಣದ ನಂತರ, ರಾಜ್ಯ ಸರ್ಕಾರವು ಶಾಲೆಗಳಲ್ಲಿ ಕ್ಯಾಮೆರಾ ಅಳವಡಿಸಲು ಆದೇಶ ಹೊರಡಿಸಿತ್ತು, ಆದ್ದರಿಂದ ಬಹಳಷ್ಟು ಶಾಲೆಗಳ ವರಾಂಡದಲ್ಲಿ ಈಗ ಕ್ಯಾಮೆರಾ ಇದೆ. ಆದರೆ ಯಂತ್ರದ ಸಂಗ್ರಹ ತುಂಬುತ್ತಿದ್ದಂತೆ ಹಳೆಯ ದೃಶ್ಯದ ಮೇಲೆ ಹೊಸ ದೃಶ್ಯ ತಾನಾಗಿ ಬರೆದುಕೊಳ್ಳುತ್ತದೆ. ನಮ್ಮ ಶಿಕ್ಷಕಿಯ ಅದೃಷ್ಟಕ್ಕೆ ನಾಲ್ಕನೆಯ ದಿನವೂ ದೃಶ್ಯ ಉಳಿದಿತ್ತು, ಎಲ್ಲರಿಗೂ ಹಾಗೆ ಉಳಿಯಲಾರದು. ‘ಇಂದು 12.35ರಿಂದ 12.55ರವರೆಗಿನ, ಎರಡನೆಯ ಮಹಡಿಯ ವರಾಂಡದ ದೃಶ್ಯವನ್ನು ದಯವಿಟ್ಟು ಬೇರೆಯಾಗಿ ತೆಗೆದಿರಿಸಿ’ ಎಂದು ಒಂದು ಚೀಟಿಯನ್ನು ಮುಖ್ಯೋಪಾಧ್ಯಾಯರಿಗೆ ಅದೇ ದಿನ ಕೊಡಬೇಕು. ದೃಶ್ಯದ ಪ್ರತಿಯನ್ನು ನಿಮ್ಮ ಫೋನಿಗೆ ಕೇಳಬೇಡಿ. ಅದರಲ್ಲಿ ಮಕ್ಕಳಿದ್ದಾರೆ, ಅದು ಶಾಲೆಯ ವಶದಲ್ಲಿಯೇ ಇರಬೇಕು. ಇದೇ ಕಾರಣಕ್ಕೆ, ಅಸಭ್ಯವಾಗಿ ವರ್ತಿಸುತ್ತಿರುವ ವಿದ್ಯಾರ್ಥಿಯನ್ನು ಫೋನಿನಲ್ಲಿ ಚಿತ್ರೀಕರಿಸುವ ಆಲೋಚನೆಯೂ ಬೇಡ. ಹಾಗೆ ಮಾಡಿದ ಶಿಕ್ಷಕರು ಬೇರೊಂದು ದೂರಿಗೆ ಉತ್ತರ ಕೊಡಬೇಕಾದ ಸ್ಥಿತಿಗೆ ಬಂದದ್ದನ್ನು ಕಂಡಿದ್ದೇನೆ.

ಮೂರನೆಯದು, ಮನೆಗೆ ಹೊರಡುವ ಮುನ್ನ ಬರೆಯುವುದು. ನೆನಪು ಒಂದು ರಾತ್ರಿ ಕಳೆದರೂ ಬದಲಾಗುತ್ತದೆ. ಆಡಿದ ಮಾತಿನ ಪದ ಮರೆತು ಅದು ಉಂಟುಮಾಡಿದ ನೋವು ಮಾತ್ರ ಉಳಿಯುತ್ತದೆ.

ಟಿಪ್ಪಣಿ ಪುಸ್ತಕದಲ್ಲಿ ಬರೆಯುವ ಬಗೆ

ಹಾಳೆ ಕಳಚಲಾಗದ, ಹೊಲಿಗೆ ಹಾಕಿದ ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡು ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಕೊಳ್ಳಿ. ನಡುವೆ ಖಾಲಿ ಪುಟ ಬಿಡಬೇಡಿ. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಸರಿಯಾದದ್ದನ್ನು ಬರೆಯಿರಿ. ಬಿಳಿ ಬಣ್ಣ ಬಳಿದ ಅಥವಾ ಹಾಳೆ ಹರಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಈ ಪುಸ್ತಕ ಮನೆಯಲ್ಲಿರಲಿ, ಶಾಲೆಯ ಕಪಾಟಿನಲ್ಲಿ ಬೇಡ.

ಶಿಕ್ಷಕಿ ಮೊದಲು ಬರೆದ ಟಿಪ್ಪಣಿ ಹೀಗಿತ್ತು:

“ಆ ಹುಡುಗನ ಅಪ್ಪ ಕುಡಿದು ಬಂದು ಗೂಂಡಾನ ಹಾಗೆ ಎಲ್ಲರೆದುರು ಕೆಟ್ಟ ಕೆಟ್ಟ ಶಬ್ದಗಳಲ್ಲಿ ಬೈದು ಹೊಡೆಯಲು ಬಂದರು. ನಾನು ಏನೂ ಮಾಡಿರಲಿಲ್ಲ.”

ಅವರು ಕುಡಿದಿದ್ದರೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಕಣ್ಣು ಕೆಂಪಾಗಿತ್ತು ಎಂದಳು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರ ಕಣ್ಣೂ ಕೆಂಪಾಗಿರುತ್ತದಲ್ಲವೇ? ‘ಹೊಡೆಯಲು ಬಂದರು’ ಎಂದರೆ ಅವರು ನಿಖರವಾಗಿ ಏನು ಮಾಡಿದರು, ಎಷ್ಟು ದೂರದಲ್ಲಿದ್ದರು? ಹೀಗೆ ಕೇಳುತ್ತ ಹೋದಂತೆ ಎರಡನೆಯ ಟಿಪ್ಪಣಿ ಸಿದ್ಧವಾಯಿತು:

“ದಿನಾಂಕ 10-07-2025, ಗುರುವಾರ, ಮಧ್ಯಾಹ್ನ ಸುಮಾರು 12.40. ಎರಡನೆಯ ಮಹಡಿ, 8ನೆಯ ತರಗತಿಯ ಹೊರಗಿನ ವರಾಂಡ. ರೋಲ್ ನಂಬರ್ 17ರ ತಂದೆ ಮೊದಲೇ ತಿಳಿಸದೆ ಮೇಲೆ ಬಂದರು. ಕನ್ನಡದಲ್ಲಿ, ‘ನನ್ನ ಮಗನ್ನ ಎಲ್ಲರ ಮುಂದ ಯಾಕ ನಿಂದರಿಸಿದ್ರಿ?’ ಎಂದು ಕೇಳಿದರು. ನಾನು, ‘ಮನೆಗೆಲಸ ಮಾಡಿರಲಿಲ್ಲ, ಐದು ನಿಮಿಷ ನಿಲ್ಲಿಸಿದೆ’ ಎಂದೆ. ಅವರು ಹಿಂದಿಯಲ್ಲಿ, ‘ತುಮ್ ಕೋ ಸ್ಕೂಲ್ ಸೇ ನಿಕಲ್ವಾ ದೂಂಗಾ, ಬಾಹರ್ ಮಿಲೋ, ದಿಖಾತಾ ಹೂಂ’ ಎಂದರು. (ಅರ್ಥ: ನಿನ್ನನ್ನು ಶಾಲೆಯಿಂದ ತೆಗೆಸಿಹಾಕುತ್ತೇನೆ, ಹೊರಗೆ ಸಿಗು, ತೋರಿಸುತ್ತೇನೆ.) ಬಲಗೈ ಬೆರಳನ್ನು ನನ್ನ ಮುಖಕ್ಕೆ ಸುಮಾರು ಒಂದು ಅಡಿ ದೂರದಲ್ಲಿ ಹಿಡಿದಿದ್ದರು. ಮುಟ್ಟಲಿಲ್ಲ. ನಾನು ಜೋರಾಗಿ, ‘ನಿಮ್ಮಂಥವರ ಮಕ್ಕಳು ಹೀಗೇ’ ಎಂದೆ. ಮರಾಠಿ ಶಿಕ್ಷಕರು ಮತ್ತು ಶಿಪಾಯಿ ಬಂದ ಮೇಲೆ, ಸುಮಾರು 12.47ಕ್ಕೆ, ಅವರು ಕೆಳಗೆ ಹೋದರು. ಬರೆದದ್ದು: 13-07-2025, ರಾತ್ರಿ 8.15.”

ಇದರಲ್ಲಿ ಗಮನಿಸಬೇಕಾದದ್ದು ಹಲವಿದೆ. ಆಡಿದ ಮಾತನ್ನು ಆಡಿದ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಬೇರೆಯಾಗಿ ಕೊಟ್ಟಿದೆ. ಮುಂಬೈಯಲ್ಲಿ ಈ ಅಂಶ ಬಹಳ ಮುಖ್ಯ. ‘ಬೆದರಿಕೆ ಹಾಕಿದರು’ ಎಂಬುದು ನಿಮ್ಮ ತೀರ್ಮಾನ, ‘ಬಾಹರ್ ಮಿಲೋ’ ಎಂಬುದು ಅವರ ಮಾತು. ವಿಚಾರಿಸುವವರಿಗೆ ಬೇಕಾಗಿರುವುದು ಎರಡನೆಯದು. ಅವಾಚ್ಯ ಶಬ್ದವಿದ್ದರೆ ಸಂಕೋಚಪಟ್ಟು ಚುಕ್ಕಿ ಹಾಕದೆ ಪೂರ್ತಿ ಬರೆಯಿರಿ. ಮಹಿಳೆಯ ಮಾನಕ್ಕೆ ಸಂಬಂಧಿಸಿದ ಮಾತೋ ಬರಿಯ ಬೈಗುಳವೋ ಎಂಬುದು ಮುಂದೆ ಆ ಒಂದು ಶಬ್ದದ ಮೇಲೆಯೇ ನಿರ್ಧಾರವಾಗಬಹುದು.

ಮುಟ್ಟಲಿಲ್ಲ ಎಂಬುದನ್ನೂ ಬರೆದಿದೆ. ನಡೆಯದೇ ಇದ್ದದ್ದನ್ನು ಒಪ್ಪಿಕೊಂಡ ಟಿಪ್ಪಣಿಯಲ್ಲಿ ಉಳಿದ ಮಾತುಗಳಿಗೂ ತೂಕ ಬರುತ್ತದೆ. ಬರೆದ ದಿನಾಂಕವನ್ನು ಘಟನೆಯ ದಿನಾಂಕದಿಂದ ಬೇರೆಯಾಗಿಯೇ ತೋರಿಸಿದೆ. ಮೂರು ದಿನ ತಡವಾದದ್ದನ್ನು ಮುಚ್ಚಿಟ್ಟು ಅಂದೇ ಬರೆದೆನೆಂದು ತೋರಿಸಿದ್ದರೆ ಇಡೀ ಪುಸ್ತಕವೇ ಸುಳ್ಳಾಗುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು, ತಾನು ಆಡಿದ ‘ನಿಮ್ಮಂಥವರ ಮಕ್ಕಳು’ ಎಂಬ ಮಾತನ್ನು ಬರೆಯುವುದು. ಅವಳು ಅದನ್ನು ಬಿಡಲು ಬಯಸಿದಳು. ನಾನು ಒಪ್ಪಲಿಲ್ಲ. ಆ ತಂದೆ ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದವರು, ಅವಳು ಕರಾವಳಿಯವಳು, ಆ ಮಾತು ಅವರಿಗೆ ಎಲ್ಲಿ ತಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅದನ್ನು ಕೇಳಿದವರು ಇಬ್ಬರಿದ್ದರು. ಸಭೆಯಲ್ಲಿ ಅವರ ಬಾಯಿಂದ ಬರುವ ಮೊದಲು ಅವಳ ವರದಿಯಲ್ಲಿಯೇ ಅದು ಇರಬೇಕಾಗಿತ್ತು.

ವಿದ್ಯಾರ್ಥಿಯ ವರ್ತನೆಗೆ ಬೇರೆಯೇ ಪುಟ

ಹುಡುಗನ ಅಗೌರವ ಮತ್ತು ತಂದೆಯ ನಿಂದನೆ ಎರಡನ್ನೂ ಒಂದೇ ವರದಿಯಲ್ಲಿ ಬೆರೆಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಹದಿಮೂರು ವರ್ಷದ ಮಗುವಿನ ವರ್ತನೆಯನ್ನು ದಾಖಲಿಸುವುದು ಶಿಕ್ಷೆಗಾಗಿ ಅಲ್ಲ, ಅದು ಯಾವಾಗ, ಯಾವುದರ ನಂತರ ನಡೆಯುತ್ತದೆಂದು ಕಂಡುಕೊಳ್ಳುವುದಕ್ಕಾಗಿ. ಆದ್ದರಿಂದ ಪ್ರತಿ ಬಾರಿಯೂ ಮೂರು ಸಂಗತಿಗಳನ್ನು ಬರೆಯಬೇಕು: ಅದಕ್ಕೆ ಮೊದಲು ಏನಾಗಿತ್ತು, ಮಗು ಏನು ಮಾಡಿತು ಅಥವಾ ಹೇಳಿತು, ಆಮೇಲೆ ನೀವೂ ತರಗತಿಯೂ ಏನು ಮಾಡಿದಿರಿ. ‘ಉದ್ಧಟ’, ‘ಸಂಸ್ಕಾರವಿಲ್ಲದವನು’ ಎಂಬ ಶಬ್ದಗಳಿಗೆ ಆ ಪುಟದಲ್ಲಿ ಜಾಗವಿಲ್ಲ. ಹೆಸರಿನ ಬದಲು ರೋಲ್ ನಂಬರ್ ಸಾಕು.

ನಮ್ಮ ಶಿಕ್ಷಕಿ ನೆನಪಿನಿಂದ ಜೂನ್ 26, ಜುಲೈ 3 ಮತ್ತು ಜುಲೈ 10ರ ಸಂಗತಿಗಳನ್ನು ಹೀಗೆ ಬರೆದಳು, ನೆನಪಿನಿಂದ ಬರೆದದ್ದೆಂದು ಮೇಲೆ ಸೂಚಿಸಿದಳು. ಮೊದಲ ಎರಡು ಬಾರಿ ಹುಡುಗ ಅವಳ ಕರಾವಳಿಯ ಉಚ್ಚಾರಣೆಯನ್ನು ಅಣಕಿಸಿದ್ದ, ತರಗತಿ ನಕ್ಕಿತ್ತು. ಮೂರನೆಯ ಬಾರಿ ಮನೆಗೆಲಸ ತೋರಿಸಲು ನಿರಾಕರಿಸಿದ್ದ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟಾಗ ಒಂದು ವಿಷಯ ಎದ್ದು ಕಂಡಿತು: ಪ್ರತಿ ಬಾರಿಯೂ ಅವಳು ಅವನನ್ನು ಕಪ್ಪುಹಲಗೆಯ ಬಳಿಗೆ ಕರೆದಿದ್ದಳು ಅಥವಾ ಕರೆಯುವವಳಿದ್ದಳು. ಹುಡುಗನಿಗೆ ಭಿನ್ನರಾಶಿಯ ಕೂಡುವಿಕೆಯೇ ಬರುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇದರಿಂದ ಅವನ ಅಣಕ ಸರಿಯೆಂದಾಗುವುದಿಲ್ಲ, ಆದರೆ ಮುಖ್ಯೋಪಾಧ್ಯಾಯರನ್ನು ಏನು ಕೇಳಬೇಕೆಂಬುದು ಸ್ಪಷ್ಟವಾಯಿತು.

ವಾಟ್ಸಾಪ್ ಸಂದೇಶವನ್ನು ಉಳಿಸಿಕೊಳ್ಳುವುದು

ವರಾಂಡದ ಘಟನೆ ನಡೆದ ದಿನವೇ ರಾತ್ರಿ 9.17ಕ್ಕೆ ಹುಡುಗನ ತಂದೆ ತರಗತಿಯ ಪೋಷಕರ ಗುಂಪಿನಲ್ಲಿ, ‘ಈ ಟೀಚರ್ ಹುಡುಗ್ರಿಗೆ ಹೊಡೀತಾರ, ಎಲ್ಲಾರೂ ಕೂಡಿ ತೆಗಸೋಣ’ ಎಂದು ಬರೆದಿದ್ದರು. ಇಂಥ ಸಂದೇಶ ಕಂಡೊಡನೆ ಉತ್ತರ ಬರೆಯದೆ, ಗುಂಪಿನಿಂದ ಹೊರಬಾರದೆ, ಮೊದಲು ಸ್ಕ್ರೀನ್‌ಶಾಟ್ ತೆಗೆಯಬೇಕು, ಏಕೆಂದರೆ ಬರೆದವರು ಅದನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು. ಗುಂಪಿನ ಹೆಸರು, ದಿನಾಂಕ, ಸಮಯ ಮತ್ತು ಹಿಂದುಮುಂದಿನ ಎರಡು ಮೂರು ಸಂದೇಶಗಳು ಚಿತ್ರದಲ್ಲಿ ಕಾಣಬೇಕು. ನಿಮ್ಮ ಫೋನಿನಲ್ಲಿ ಅವರ ಹೆಸರನ್ನು ಸೇವ್ ಮಾಡಿದ್ದರೆ ಪರದೆಯಲ್ಲಿ ನಂಬರ್ ಕಾಣುವುದಿಲ್ಲ, ಆದ್ದರಿಂದ ಹೆಸರನ್ನು ಒತ್ತಿ ನಂಬರ್ ಕಾಣುವ ಪುಟದ ಚಿತ್ರವನ್ನೂ ತೆಗೆಯಬೇಕು. ನಂತರ ಗುಂಪಿನ ಮೆನುವಿನಲ್ಲಿ Export chat ಆರಿಸಿ, ಬರುವ ಕಡತವನ್ನು ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಳ್ಳಿ. ಕಳುಹಿಸಿದ ದಿನಾಂಕ ಅಲ್ಲಿ ತಾನಾಗಿ ದಾಖಲಾಗುತ್ತದೆ.

ಸ್ಕ್ರೀನ್‌ಶಾಟ್‌ನ ಮೇಲೆ ಕೆಂಪು ವೃತ್ತ ಎಳೆಯುವುದು, ಅಂಚು ಕತ್ತರಿಸುವುದು ಬೇಡ. ಮೂಲ ಹಾಗೆಯೇ ಇರಲಿ. ವಿಷಯ ನ್ಯಾಯಾಲಯದವರೆಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸಂದೇಶ ಬಂದ ಫೋನ್ ಆಗ ನಿಮ್ಮ ಬಳಿ ಇದ್ದರೆ ಕೆಲಸ ಸುಲಭ. ಹಾಗಾಗಿ ದೂರು ಮುಗಿಯುವವರೆಗೆ ಆ ಫೋನನ್ನು ಮಾರಬೇಡಿ, ಅದರ ದತ್ತಾಂಶವನ್ನು ಅಳಿಸಬೇಡಿ.

ಮುಖ್ಯೋಪಾಧ್ಯಾಯರಿಗೆ ವರದಿ ಮತ್ತು ಆವಕ ಸಂಖ್ಯೆ

ಟಿಪ್ಪಣಿ ನಿಮ್ಮ ಸ್ವಂತದ್ದು, ವರದಿ ಕಚೇರಿಯದ್ದು. ವರದಿ ಒಂದೇ ಪುಟದಲ್ಲಿರಲಿ, ಅದರಲ್ಲಿ ಘಟನೆ, ಸಾಕ್ಷಿ, ಲಗತ್ತು ಮತ್ತು ಕೋರಿಕೆ ಎಂಬ ನಾಲ್ಕು ಭಾಗಗಳು ಸಾಕು. ಕೋರಿಕೆಯಿಲ್ಲದ ದೂರನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ‘ಯೋಗ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿದರೆ ಕಾಗದ ಅಲ್ಲಿಯೇ ಉಳಿಯುತ್ತದೆ. ನಮ್ಮ ಶಿಕ್ಷಕಿಯ ವರದಿಯ ಕೊನೆಯ ಭಾಗ ಹೀಗಿತ್ತು:

“ಮಾನ್ಯರಲ್ಲಿ ನನ್ನ ಕೋರಿಕೆಗಳು: 1. ಈ ಪೋಷಕರನ್ನು ತಮ್ಮ ಕೋಣೆಗೆ ಲಿಖಿತವಾಗಿ ಕರೆಸಿ, ತಮ್ಮ ಹಾಗೂ ಪರ್ಯವೇಕ್ಷಕರ ಎದುರಿನಲ್ಲಿ ನನ್ನೊಂದಿಗೆ ಮಾತುಕತೆ ನಡೆಸಿಕೊಡಬೇಕು. 2. ಮುಂದೆ ಅವರು ಕಚೇರಿಯಲ್ಲಿ ಹೆಸರು ನೋಂದಾಯಿಸದೆ ತರಗತಿಯ ಬಳಿಗೆ ಬಾರದಂತೆ ಸೂಚಿಸಬೇಕು. 3. ಗುಂಪಿನಲ್ಲಿ ಬರೆದಿರುವ ಆರೋಪವನ್ನು ಶಾಲೆಯು ವಿಚಾರಿಸಬೇಕು, ನಾನು ವಿಚಾರಣೆಗೆ ಸಿದ್ಧಳಿದ್ದೇನೆ. 4. ವಿದ್ಯಾರ್ಥಿಗೆ ಗಣಿತದಲ್ಲಿ ಹೆಚ್ಚಿನ ಸಹಾಯ ಬೇಕಾಗಿದೆ, ಅದರ ಬಗ್ಗೆ ಬೇರೆ ಟಿಪ್ಪಣಿ ಲಗತ್ತಿಸಿದ್ದೇನೆ.”

ಮೂರನೆಯ ಕೋರಿಕೆಗೆ ಧೈರ್ಯ ಬೇಕು. ಆದರೆ ಹೊಡೆದಿಲ್ಲವೆಂಬುದು ನಿಜವಾದರೆ ವಿಚಾರಣೆಯನ್ನು ತಾನೇ ಕೇಳುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಸಾಕ್ಷಿಗಳ ವಿಷಯದಲ್ಲಿ ಎಚ್ಚರ ಬೇಕು. ಸಹೋದ್ಯೋಗಿ ಮತ್ತು ಶಿಪಾಯಿ ತಾವು ಕಂಡದ್ದನ್ನು ತಮ್ಮ ಕೈಯಲ್ಲಿ, ತಮಗೆ ಬರುವ ಭಾಷೆಯಲ್ಲಿ ಬರೆದು ಸಹಿ ಮಾಡಲಿ. ನೀವು ಹೇಳಿ ಬರೆಸಿದರೆ ಎಲ್ಲ ಹೇಳಿಕೆಗಳೂ ಒಂದೇ ರೀತಿ ಕಾಣುತ್ತವೆ. ಮಕ್ಕಳಿಂದ ಮಾತ್ರ ಹೇಳಿಕೆ ಪಡೆಯಲೇಬಾರದು. ಅಗತ್ಯವಿದ್ದರೆ ಅದನ್ನು ಮುಖ್ಯೋಪಾಧ್ಯಾಯರು ಮಾಡಲಿ.

ವರದಿಯ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯಲ್ಲಿ ಕೊಟ್ಟು, ಕಚೇರಿಗೆ ಬರುವ ಮತ್ತು ಹೋಗುವ ಕಾಗದಗಳನ್ನು ಬರೆದಿಡುವ ಆವಕ-ಜಾವಕ ನೋಂದಣಿ ಪುಸ್ತಕದಲ್ಲಿ ಗುಮಾಸ್ತರಿಂದ ದಾಖಲಿಸಿ, ಆವಕ ಸಂಖ್ಯೆ, ದಿನಾಂಕ, ಶಾಲೆಯ ಮುದ್ರೆ ಮತ್ತು ಸಹಿಯನ್ನು ನಿಮ್ಮ ಪ್ರತಿಯ ಮೇಲೆ ಪಡೆಯಬೇಕು. ‘ಇಟ್ಟು ಹೋಗಿ, ನೋಡ್ತೇವೆ’ ಎಂಬ ಉತ್ತರ ಬಂದರೆ ಜಗಳವಾಡದೆ ಶಾಲೆಯ ಅಧಿಕೃತ ಇಮೇಲ್‌ಗೆ ಕಳುಹಿಸಿ, ಅಂಚೆಯ ಸ್ಪೀಡ್ ಪೋಸ್ಟ್‌ನಲ್ಲಿಯೂ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಆವಕ ಸಂಖ್ಯೆಯಿಲ್ಲದ ಕಾಗದ ಕಚೇರಿಯ ಮಟ್ಟಿಗೆ ಹುಟ್ಟಿಯೇ ಇಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಶಾಲೆಯೊಳಗೆ ಕನ್ನಡದಲ್ಲಿ ಬರೆದರೆ ಸಾಕು, ಆದರೆ ಶಿಕ್ಷಣ ನಿರೀಕ್ಷಕರ ಕಚೇರಿಗೂ ಪೊಲೀಸ್ ಠಾಣೆಗೂ ಮರಾಠಿ ಬೇಕಾಗುತ್ತದೆ. ಮರಾಠಿ ಪ್ರತಿಯನ್ನು ಮೊದಲ ದಿನವೇ ಸಿದ್ಧಪಡಿಸಿ, ಅದರ ಮೇಲೆ ‘ಮೂಲ ಕನ್ನಡ ವರದಿಯ ಅನುವಾದ’ ಎಂದು ಬರೆಯಿರಿ. ನಮ್ಮ ಶಿಕ್ಷಕಿಗೆ ಮರಾಠಿ ಶಿಕ್ಷಕರು ಸಹಾಯ ಮಾಡಿದರು, ಆದರೆ ಮೊದಲ ಕರಡಿನಲ್ಲಿ ‘ಬೆರಳು ತೋರಿಸಿದರು’ ಎಂಬುದು ‘ಕೈಯೆತ್ತಿದರು’ ಎಂದಾಗಿತ್ತು. ಎರಡು ಪ್ರತಿಗಳ ನಡುವೆ ಇಂಥ ಒಂದು ವ್ಯತ್ಯಾಸವಿದ್ದರೂ ಎದುರಿನವರು ಅದನ್ನೇ ಹಿಡಿಯುತ್ತಾರೆ.

ಸಭೆ ಮತ್ತು ಅದರ ನಂತರದ ಕಾಗದ

ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಹಳೆಯ ಆವಕ ಸಂಖ್ಯೆಯನ್ನು ನಮೂದಿಸಿ ಎರಡು ಸಾಲಿನ ನೆನಪೋಲೆ ಕೊಡಬೇಕು. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಜುಲೈ 14ರ ವರದಿಗೆ 17ರಂದು ಸಭೆ ನಡೆಯಿತು. ಮುಖ್ಯೋಪಾಧ್ಯಾಯರು, ಪರ್ಯವೇಕ್ಷಕಿ, ತಂದೆ ಮತ್ತು ತಾಯಿ ಇದ್ದರು. ಶಿಕ್ಷಕಿ ಮೊದಲು ತನ್ನ ಮಾತಿಗೆ ವಿಷಾದ ಸೂಚಿಸಿದಳು, ಆಮೇಲೆ ವರದಿಯನ್ನು ಓದಿದಳು. ಹೊಡೆದದ್ದನ್ನು ತಾನು ಕಂಡಿಲ್ಲ, ಮಗ ಹೇಳಿದ ಎಂದು ತಂದೆ ಹೇಳಿದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಹುಡುಗನನ್ನು ತಾಯಿಯ ಎದುರಿನಲ್ಲಿ ಕೇಳಿದ್ದರು. ‘ಹೊಡದಿಲ್ಲ, ನಿಂದರಿಸಿದ್ರು’ ಎಂದಿದ್ದ.

ಸಭೆಯ ನಡಾವಳಿಯನ್ನು ಶಾಲೆ ಬರೆಯದಿದ್ದರೆ ಅಂದೇ ನೀವು ಬರೆದು ಕೊಡಬೇಕು: ‘ಇಂದಿನ ಸಭೆಯಲ್ಲಿ ನಾನು ಅರ್ಥಮಾಡಿಕೊಂಡಂತೆ ಕೆಳಗಿನ ವಿಷಯಗಳು ತೀರ್ಮಾನವಾದವು, ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.’ ಬಾಯಿಮಾತಿನಲ್ಲಿ ಮುಗಿದ ರಾಜಿ ಅಕ್ಟೋಬರ್‌ನ ಪರೀಕ್ಷೆಯ ಫಲಿತಾಂಶ ಬಂದಾಗ ಮತ್ತೆ ಮುರಿಯುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಇಲ್ಲಿ ತಂದೆ ಗುಂಪಿನಲ್ಲಿ ಆರೋಪವನ್ನು ಹಿಂತೆಗೆದುಕೊಂಡು ಬರೆದರು, ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಶಾಲೆ ಬದಲಿಸಿತು, ಹುಡುಗನಿಗೆ ವಾರಕ್ಕೆ ಎರಡು ದಿನ ಹೆಚ್ಚುವರಿ ಪಾಠ ನಿಗದಿಯಾಯಿತು. ಅವನನ್ನು ತರಗತಿಯೆದುರು ನಿಲ್ಲಿಸುವುದನ್ನೂ ಅವಳು ಬಿಟ್ಟಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಐದು ನಿಮಿಷ ನಿಲ್ಲಿಸಿದ್ದು ಆ ಮಟ್ಟಕ್ಕೆ ಹೋಗದಿರಬಹುದು, ಆದರೆ ಆ ವಾದಕ್ಕೆ ಎಡೆಯನ್ನೇ ಕೊಡಬಾರದು.

ಶಾಲೆ ಕೈಬಿಟ್ಟರೆ

ಎಲ್ಲ ಮುಖ್ಯೋಪಾಧ್ಯಾಯರೂ ಹೀಗೆ ನಡೆದುಕೊಳ್ಳುವುದಿಲ್ಲ. ನೆನಪೋಲೆಗೂ ಉತ್ತರ ಬಾರದಿದ್ದರೆ ಶಾಲೆಯ ಆಡಳಿತ ಮಂಡಳಿಗೆ ಬರೆಯಬೇಕು, ನಂತರ ಮುಂಬೈಯಲ್ಲಿ ಆಯಾ ವಿಭಾಗದ ಶಿಕ್ಷಣ ನಿರೀಕ್ಷಕರಿಗೆ, ಪುಣೆಯಲ್ಲಾದರೆ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗೆ. ಅರ್ಜಿಯನ್ನು ಮುಖ್ಯೋಪಾಧ್ಯಾಯರ ಮುಖಾಂತರವೇ ಕಳುಹಿಸಿ, ಮುಂಗಡ ಪ್ರತಿಯನ್ನು ನೇರವಾಗಿ ಕೊಡುವುದು ರೂಢಿ. ಹಾಗೆ ಮಾಡಿದರೆ ಶಿಸ್ತು ಮುರಿದ ಆಪಾದನೆ ಬರುವುದಿಲ್ಲ.

ಪೊಲೀಸ್ ಠಾಣೆಗೆ ಹೋಗುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಬರಿಯ ಬೈಗುಳ ಮತ್ತು ಅವಮಾನದಂಥ ದೂರುಗಳನ್ನು ಪೊಲೀಸರು ಸಾಮಾನ್ಯವಾಗಿ ‘ಎನ್‌ಸಿ’ ಎಂದು ದಾಖಲಿಸುತ್ತಾರೆ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅವರು ತನಿಖೆ ಮಾಡುವಂತಿಲ್ಲ. ಎನ್‌ಸಿ ವ್ಯರ್ಥವೆಂದು ಭಾವಿಸಬೇಡಿ. ಅದೇ ವ್ಯಕ್ತಿ ಮತ್ತೆ ಬಂದರೆ ಮೊದಲ ಘಟನೆಯ ದಿನಾಂಕ ಠಾಣೆಯ ಪುಸ್ತಕದಲ್ಲಿಯೇ ಇರುತ್ತದೆ. ಮಹಿಳೆಯ ಮಾನಕ್ಕೆ ಕುಂದು ತರುವ ಮಾತು ಅಥವಾ ಸನ್ನೆಗೆ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮಿದೆ. ಪಾಲಿಕೆಯ ಶಾಲೆಯ ಶಿಕ್ಷಕರು ಸಾರ್ವಜನಿಕ ಸೇವಕರಾದ್ದರಿಂದ, ಕರ್ತವ್ಯಕ್ಕೆ ಅಡ್ಡಿಪಡಿಸಲು ಅವರ ಮೇಲೆ ಬಲಪ್ರಯೋಗ ಮಾಡಿದರೆ 132ನೆಯ ಕಲಮು ಅನ್ವಯಿಸಬಹುದು. ಎಫ್‌ಐಆರ್ ದಾಖಲಾದರೆ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ಪೋಷಕರ ವರ್ತನೆ ಲೈಂಗಿಕ ಸ್ವರೂಪದ್ದಾಗಿದ್ದರೆ ಶಾಲೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಆರೋಪಿ ಶಾಲೆಯ ನೌಕರನಲ್ಲವೆಂಬ ಕಾರಣಕ್ಕೆ ಶಾಲೆ ಕೈ ತೊಳೆದುಕೊಳ್ಳುವಂತಿಲ್ಲ. ವಕೀಲರ ಖರ್ಚಿನ ಚಿಂತೆಯಿರುವ ಶಿಕ್ಷಕಿಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ದೂರು ಕೊಟ್ಟದ್ದಕ್ಕಾಗಿಯೇ ಆಡಳಿತ ಮಂಡಳಿ ಸೇವೆಯಿಂದ ತೆಗೆದರೆ, ಖಾಸಗಿ ಶಾಲಾ ನೌಕರರ 1977ರ ಮಹಾರಾಷ್ಟ್ರ ಕಾಯ್ದೆಯ 9ನೆಯ ಕಲಮಿನ ಅಡಿಯಲ್ಲಿ ಶಾಲಾ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಕಾಶವಿದೆ. ಆ ದಿನಗಳು ಮಾತುಕತೆಯಲ್ಲಿ ಕಳೆದುಹೋಗುತ್ತವೆ, ಆದ್ದರಿಂದ ಆದೇಶ ಕೈಗೆ ಬಂದ ವಾರದಲ್ಲಿಯೇ ವಕೀಲರನ್ನು ಕಾಣಬೇಕು. ‘ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವಪತ್ರ ಕೊಡುತ್ತೇವೆ’ ಎಂದು ಹೇಳಿ ಕಾಗದ ಮುಂದಿಟ್ಟರೆ ಅಲ್ಲಿಯೇ ಸಹಿ ಮಾಡಬೇಡಿ. ಸ್ವಇಚ್ಛೆಯ ರಾಜೀನಾಮೆ ಎಂದು ಬರೆದುಕೊಟ್ಟ ಮೇಲೆ, ಒತ್ತಡದಿಂದ ಬರೆಸಿಕೊಂಡರೆಂದು ಸಾಬೀತುಪಡಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಇದೆಲ್ಲ ನಡೆಯುವಾಗ ನಿದ್ದೆ ಬಾರದಿರುವುದು, ಶಾಲೆಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದು ಸಹಜ. 14416 ಎಂಬ ಟೆಲಿ-ಮಾನಸ್ ಸಹಾಯವಾಣಿ ದಿನದ ಎಲ್ಲ ಹೊತ್ತಿನಲ್ಲಿಯೂ ಉಚಿತವಾಗಿದೆ. ವೈದ್ಯರನ್ನು ಕಂಡಿದ್ದರೆ ಆ ಚೀಟಿಯನ್ನೂ ದಿನಾಂಕದ ಕ್ರಮದಲ್ಲಿ ಕಡತಕ್ಕೆ ಸೇರಿಸಿ.

ನಮ್ಮ ಶಿಕ್ಷಕಿಯ ಕಡತದಲ್ಲಿ ಈಗ ಹನ್ನೊಂದು ಹಾಳೆಗಳಿವೆ: ಟಿಪ್ಪಣಿಯ ಜೆರಾಕ್ಸ್, ಮುದ್ರೆಯಿರುವ ವರದಿ, ಅದರ ಮರಾಠಿ ಪ್ರತಿ, ಎರಡು ಸಾಕ್ಷಿ ಹೇಳಿಕೆ, ಸ್ಕ್ರೀನ್‌ಶಾಟ್‌ಗಳು, ನಡಾವಳಿ. ಅವಳ ಮೂರು ವರ್ಷ ಮುಗಿಯಲು ಇನ್ನೂ ಸಮಯವಿದೆ. ಕಾಯಂ ಮಾನ್ಯತೆಯ ಆದೇಶ ಕೈಗೆ ಬಂದು, ಸೇವಾ ಪುಸ್ತಕದಲ್ಲಿ ಅದು ದಾಖಲಾಗುವವರೆಗೆ ಆ ಕಡತವನ್ನು ನೇಮಕಾತಿ ಪತ್ರದ ಜೊತೆಯಲ್ಲಿಯೇ ಇಟ್ಟುಕೊಳ್ಳಲು ಹೇಳಿದ್ದೇನೆ.